ಮಂಗಳವಾರ ಮುಗಿಯುವ ತಿಂಗಳು, ಶನಿವಾರದ ಬಟವಾಡೆ

2025ರ ಸೆಪ್ಟೆಂಬರ್ 30 ಮಂಗಳವಾರ ಬಂದಿತ್ತು. ತಿಂಗಳು ಅಂದೇ ಮುಗಿಯಿತು, ವಾರ ಮಾತ್ರ ಆಗಷ್ಟೇ ಶುರುವಾಗಿತ್ತು. ತಿಂಗಳ ಸಂಬಳದವರಿಗೆ ಇದರಿಂದ ಏನೂ ಆಗುವುದಿಲ್ಲ. ಶನಿವಾರದ ಬಟವಾಡೆಯನ್ನು ನಂಬಿ ಬದುಕುವವರ ಲೆಕ್ಕದಲ್ಲಿ ಮಾತ್ರ ಅಲ್ಲೊಂದು ಗಂಟು ಬೀಳುತ್ತದೆ. ಸೋಮವಾರ, ಮಂಗಳವಾರ ದುಡಿದದ್ದು ಸೆಪ್ಟೆಂಬರಿನಲ್ಲಿ, ಹಣ ಕೈಗೆ ಬರುವುದು ಅಕ್ಟೋಬರ್ 4ಕ್ಕೆ. ಆ ಎರಡು ದಿನಗಳನ್ನು ಯಾವ ತಿಂಗಳಿಗೆ ಬರೆಯಬೇಕು?

ಸಣ್ಣ ಕಾರ್ಖಾನೆಗಳ ಗುಮಾಸ್ತರಲ್ಲಿ ಹಲವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹಣ ಕೊಟ್ಟ ತಾರೀಖು ಅಕ್ಟೋಬರಿನದು, ಆದ್ದರಿಂದ ಇಡೀ ವಾರ ಅಕ್ಟೋಬರಿಗೆ. ಎರಡು ದಿನದ ಕೂಲಿ ಆಚೆ ತಿಂಗಳಿಗೆ ಹೋದರೆ ಯಾರ ಗಂಟು ಹೋಯಿತು, ಒಟ್ಟು ಮೊತ್ತ ಅಷ್ಟೇ ತಾನೆ ಎಂಬುದು ಅವರ ವಾದ. ಕೈಗೆ ಬಂದ ನಗದಿನ ಮಟ್ಟಿಗೆ ಈ ಮಾತು ನಿಜ. ದಿನಗಳ ಎಣಿಕೆಯ ಮಟ್ಟಿಗೆ ಇದು ಸುಳ್ಳು, ಮತ್ತು ಕೆಲವೊಮ್ಮೆ ಒಂದು ಮನೆಗೆ ದುಬಾರಿಯಾಗುವ ಸುಳ್ಳು.

ಪುಣೆಯ ಭೋಸರಿಯ ಒಂದು ಲೇತ್ ಶೆಡ್ಡಿನಲ್ಲಿ ದಿನಕ್ಕೆ 700 ರೂಪಾಯಿ ಕೂಲಿಯ ಒಬ್ಬ ಕೆಲಸಗಾರನಿದ್ದಾನೆ ಎಂದಿಟ್ಟುಕೊಳ್ಳಿ. ಊರು ಕಲಬುರಗಿ ಕಡೆ. ಇಎಸ್‌ಐ ನಂಬರು ಹಳೆಯದು, ನಾಲ್ಕಾರು ವರ್ಷಗಳಿಂದ ಇದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಆತ ಊರಲ್ಲೇ ಇದ್ದ, ಜುಲೈ 1ಕ್ಕೆ ಬಂದು ಈ ಶೆಡ್ಡಿಗೆ ಸೇರಿದ. ಭಾನುವಾರ ರಜೆ, ಅದಕ್ಕೆ ಕೂಲಿ ಇಲ್ಲ. ಜುಲೈನಲ್ಲಿ 27 ದಿನ, ಆಗಸ್ಟ್‌ನಲ್ಲಿ 26, ಸೆಪ್ಟೆಂಬರಿನಲ್ಲಿ 26, ಒಟ್ಟು 79. ಗಣೇಶ ಚೌತಿಯ ಒಂದು ದಿನ ಕೂಲಿಯಿಲ್ಲದ ರಜೆ. ಉಳಿದದ್ದು 78.

ಈ 78 ಸುಮ್ಮನೆ ಬಂದ ಅಂಕಿಯಲ್ಲ. ಇಎಸ್‌ಐಯಲ್ಲಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು ವಂತಿಗೆ ಅವಧಿ, ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಮೊದಲನೆಯ ಅವಧಿಯಲ್ಲಿ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಿಗುತ್ತದೆ. ಆ ಆರು ತಿಂಗಳಲ್ಲಿ ಕಾಯಿಲೆ ಬಿದ್ದರೆ ಕೂಲಿಯ ಶೇಕಡ 70ರಷ್ಟು ಕಾಯಿಲೆ ಭತ್ಯೆ ಬರಬೇಕಾದರೆ, ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಹೊಸದಾಗಿ ವಿಮೆಗೆ ಸೇರಿದವರಿಗೆ ಸ್ವಲ್ಪ ರಿಯಾಯಿತಿ ಇದೆ. ಈತ ಹಳಬ, ರಿಯಾಯಿತಿ ಇಲ್ಲ.

ಇನ್ನು ಗುಮಾಸ್ತರ ಪದ್ಧತಿಯನ್ನು ಇವನ ಲೆಕ್ಕಕ್ಕೆ ಹಚ್ಚಿ ನೋಡಿ. ಸೆಪ್ಟೆಂಬರ್ 29 ಮತ್ತು 30 ಅಕ್ಟೋಬರಿಗೆ ಜಿಗಿಯುತ್ತವೆ. 78 ಇದ್ದದ್ದು 76 ಆಗುತ್ತದೆ. ಫೆಬ್ರವರಿಯಲ್ಲಿ ಕಾಮಾಲೆ ಬಂದು 20 ದಿನ ಮಲಗಿದರೆ, ಮೊದಲ ಎರಡು ದಿನ ಬಿಟ್ಟು 18 ದಿನಕ್ಕೆ, ದಿನಕ್ಕೆ 490ರಂತೆ, 8,820 ರೂಪಾಯಿ ಬರಬೇಕಿತ್ತು. ಬರುವುದು ಸೊನ್ನೆ. ಅಕ್ಟೋಬರಿಗೆ ಹೋದ ಆ ಎರಡು ದಿನ ಮುಂದಿನ ಅವಧಿಯಲ್ಲಿ ಜಮೆ ಇವೆಯಲ್ಲ ಎನ್ನಬಹುದು. ಇವೆ, ಉಪಯೋಗವಿಲ್ಲ. ಮುಂದಿನ ಅವಧಿಯ ಆರೂ ತಿಂಗಳು ಆತ ದುಡಿದರೆ 78 ಹೇಗೂ ದಾಟುತ್ತದೆ. ತುಂಬಿದ ಕೊಡಕ್ಕೆ ಎರಡು ತಂಬಿಗೆ ಹೆಚ್ಚು ಸುರಿದಂತೆ.

ಗುಮಾಸ್ತರ ಪರವಾಗಿ ಒಂದು ಗಟ್ಟಿ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಗ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ ಪ್ರಕಾರ ವಂತಿಗೆಗೆ ಅಳತೆ ವೇತನದ ಅವಧಿ, ಅಂದರೆ ಇಲ್ಲಿ ವಾರ. ವಂತಿಗೆ ಸಾಮಾನ್ಯವಾಗಿ ಬಾಕಿಯಾಗುವುದು ಆ ಅವಧಿಯ ಕೊನೆಯ ದಿನ. ವಾರ ಅಕ್ಟೋಬರಿನಲ್ಲಿ ಮುಗಿಯಿತು, ಆದ್ದರಿಂದ ಅಕ್ಟೋಬರು ಎಂದು ಇದನ್ನು ಓದಬಹುದು. ಆದರೆ ಹಣ ಎಂದು ಕೊಡಬೇಕು ಎನ್ನುವುದು ಒಂದು ಪ್ರಶ್ನೆ, ಕೆಲಸ ಎಂದು ನಡೆಯಿತು ಎನ್ನುವುದು ಬೇರೆ ಪ್ರಶ್ನೆ. ತಿಂಗಳ ವಂತಿಗೆ ತುಂಬುವ ಪಟ್ಟಿ ಕೇಳುವುದು ಆ ತಿಂಗಳಲ್ಲಿ ವೇತನ ಕೊಟ್ಟ ಅಥವಾ ಕೊಡಬೇಕಾದ ದಿನಗಳ ಸಂಖ್ಯೆಯನ್ನು. ಆ ‘ಕೊಡಬೇಕಾದ’ ಎಂಬ ಮಾತಿಗೆ ಅರ್ಥವಿರಬೇಕಾದರೆ, ಮಂಗಳವಾರ ಸಂಜೆ ಕೆಲಸ ಮುಗಿಸಿ ಕೈ ತೊಳೆದವನ ಎರಡು ದಿನಗಳು ಸೆಪ್ಟೆಂಬರಿನ ಸಾಲಿನಲ್ಲೇ ಬರಬೇಕು. ಅಲ್ಲದೆ ವಾರ ಮುಗಿದ ತಿಂಗಳಿಗೇ ಬರೆಯುತ್ತೇವೆ ಎನ್ನುವವರು ಏಪ್ರಿಲ್‌ನ ಮೊದಲ ವಾರದಲ್ಲಿ ಮಾರ್ಚ್ 31ರ ಸೋಮವಾರವನ್ನೂ ಏಪ್ರಿಲ್‌ಗೆ ಸೇರಿಸಿರಬೇಕು. ಸೇರಿಸಿದ್ದರೂ ಅದರ ಲಾಭ ಆಗ ಕೆಲಸದಲ್ಲಿದ್ದವರಿಗೆ. ಜುಲೈನಲ್ಲಿ ಬಂದವನಿಗೆ ನಷ್ಟ ಮಾತ್ರ.

ಸಮಯ ಸಿಗುವುದಿಲ್ಲ ಎಂಬ ನೆಪವಂತೂ ನಿಲ್ಲುವುದಿಲ್ಲ. ಲೆಕ್ಕ ಮುಚ್ಚುವುದು 30ಕ್ಕೆ ಇರಬಹುದು, ಸೆಪ್ಟೆಂಬರಿನ ವಂತಿಗೆ ಕಟ್ಟಲು ಅಕ್ಟೋಬರ್ 15ರವರೆಗೆ ಗಡುವು ಇದೆ. ಬಟವಾಡೆ 4ಕ್ಕೇ ಮುಗಿದಿರುತ್ತದೆ.

ಮಾಡಬೇಕಾದದ್ದು ಇಷ್ಟು. ಮಂಗಳವಾರ ಸಂಜೆ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆಯ ಈಚೆಗಿನ ಎರಡು ದಿನದ 1,400 ರೂಪಾಯಿಯನ್ನು ಸೆಪ್ಟೆಂಬರಿನ ಖರ್ಚಿಗೆ ಬರೆದು, ಕೊಡಬೇಕಾದ ಕೂಲಿ ಎಂದು ಬಾಕಿ ತೋರಿಸಬೇಕು. ಗೆರೆಯ ಆಚೆ ನಾಲ್ಕು ದಿನ: ಬುಧವಾರ ಖಂಡೇನವಮಿ, ಯಂತ್ರಗಳಿಗೆ ಪೂಜೆ ಮಾಡಿ ಕೆಲಸ ನಡೆದ ದಿನ, ಗುರುವಾರ ಗಾಂಧಿ ಜಯಂತಿಯ ಕೂಲಿ ಸಹಿತ ರಜೆ (ಆ ವರ್ಷ ದಸರೆಯೂ ಅಂದೇ ಬಿದ್ದು ಒಂದು ರಜೆ ನಷ್ಟವಾಯಿತೆಂದು ಬೇಸರಪಟ್ಟವರು ಬಹಳ), ಆಮೇಲೆ ಶುಕ್ರವಾರ, ಶನಿವಾರ. ಈ 2,800 ಅಕ್ಟೋಬರಿಗೆ. ಶನಿವಾರ ಲಕೋಟೆ ಒಂದೇ, ಅದರಲ್ಲಿ 4,200ರಿಂದ ಕಡಿತ ಕಳೆದ ಮೊತ್ತ. ಚೀಟಿಯಲ್ಲಿ ಮಾತ್ರ ಎರಡು ಸಾಲು. ಎರಡು ದಿನಕ್ಕೆ ಹಿಡಿದ ವಂತಿಗೆ ಸೆಪ್ಟೆಂಬರಿನ ಚಲನ್ನಿಗೆ ಹೋಗುತ್ತದೆ.

ಹಂಚುವಾಗ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ವಾರಕ್ಕೆ ಏಳು ದಿನ ಎಂದು 4,200ನ್ನು ಏಳರಿಂದ ಭಾಗಿಸಿ, ದಿನಕ್ಕೆ 600ರಂತೆ ಸೆಪ್ಟೆಂಬರಿಗೆ 1,200 ಬರೆಯುತ್ತಾರೆ. ಕೂಲಿಯಿಲ್ಲದ ಭಾನುವಾರಕ್ಕೆ ಪಾಲು ಕೊಟ್ಟಂತಾಯಿತು. ಭಾಗಿಸಬೇಕಾದದ್ದು ಕೂಲಿ ಇರುವ ಆರು ದಿನಗಳಿಂದ. ಓವರ್‌ಟೈಮನ್ನು ಭಾಗಿಸುವುದೇ ಬೇಡ. ಪೂಜೆಗೆ ಮುಂಚೆ ಮಂಗಳವಾರ ರಾತ್ರಿ ಮೂರು ಗಂಟೆ ಹೆಚ್ಚು ನಿಂತಿದ್ದರೆ ಅದು ಪೂರ್ತಿ ಮಂಗಳವಾರದ್ದು.

ಪುಸ್ತಕ ತಪ್ಪು ದಾರಿಯಲ್ಲಿದೆಯೇ ಎಂದು ತಿಳಿಯಲು ಲೆಕ್ಕಿಗನೇ ಬೇಕಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. 2025ರ ನವೆಂಬರಿನಲ್ಲಿ ಐದು ಶನಿವಾರ, ಐದು ಭಾನುವಾರ. ದುಡಿಯಲು ಇದ್ದದ್ದು 25 ದಿನ. ಬಟವಾಡೆಯ ತಾರೀಖಿನ ಮೇಲೆ ಬರೆಯುವ ಶೆಡ್ಡಿನಲ್ಲಿ ಐದು ವಾರ ಸೇರಿ 30 ದಿನ ಬರುತ್ತದೆ, ಆಳು ಒಂದು ಭಾನುವಾರವೂ ಕೂರಲಿಲ್ಲವೋ ಎಂಬಂತೆ. ಅದಕ್ಕೆ ಎದುರಾಗಿ ಅಕ್ಟೋಬರಿನಲ್ಲಿ 27 ದಿನ ಇರಬೇಕಾದ ಕಡೆ 24. ಹೀಗೆ ತಿಂಗಳು ಏರಿಳಿಯುತ್ತಿದ್ದರೆ ದಿನಗಳು ಗಡಿ ದಾಟುತ್ತಿವೆ ಎಂದೇ ಅರ್ಥ.

ಕೆಲಸಗಾರನೂ ಇದನ್ನು ನೋಡಬಹುದು. ಇಎಸ್‌ಐ ಜಾಲತಾಣದಲ್ಲಿ ತನ್ನ ವಿಮಾ ಸಂಖ್ಯೆಯಿಂದ ಒಳಹೊಕ್ಕರೆ ತಿಂಗಳುವಾರು ದಿನಗಳು ಕಾಣುತ್ತವೆ. ನೋಡುವ ಹೊತ್ತು ಅಕ್ಟೋಬರ್ ಕೊನೆ, ಫೆಬ್ರವರಿಯ ಆಸ್ಪತ್ರೆ ಸರದಿಯಲ್ಲ. ಅಕ್ಟೋಬರಿನಲ್ಲಿ ಹೋಗಿ ಕೇಳಿದರೆ ಗುಮಾಸ್ತನಿಗೆ ಅದು ಒಂದು ಪೂರಕ ಚಲನ್ನಿನ ಕೆಲಸ. ಫೆಬ್ರವರಿಯಲ್ಲಿ ಕೇಳಿದರೆ, ಐದು ತಿಂಗಳ ಹಿಂದಿನ ಎರಡು ದಿನಗಳನ್ನು ಮಸ್ಟರಿನ ಯಾವ ಪುಟದಲ್ಲಿ ಹುಡುಕುವುದು ಎಂದು ಇಬ್ಬರೂ ಮುಖ ನೋಡಿಕೊಳ್ಳಬೇಕಾಗುತ್ತದೆ.