ಹೆಜ್ಜೆ ಎಣಿಸೋಕೆ ಕಾಂಟ್ಯಾಕ್ಟ್ಸ್ ಯಾಕೆ ಬೇಕು?

ಹಬ್ಬದ ಆಫರ್ ಮುಗಿದ ವಾರ ನಮ್ಮ ಕ್ಲಾಸಿನಲ್ಲಿ ಹೊಸ ಸ್ಮಾರ್ಟ್‌ವಾಚ್‌ಗಳ ಸುಗ್ಗಿ. ಡಬ್ಬ ಬಿಚ್ಚುವುದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆ್ಯಪ್ ಇಳಿಸಿಕೊಳ್ಳುವುದು, ಆಮೇಲೆ ಕೇಳಿದ್ದಕ್ಕೆಲ್ಲ Allow ಒತ್ತುವುದು. ಎರಡು ನಿಮಿಷದಲ್ಲಿ ವಾಚ್ ರೆಡಿ. ಏನೇನು ಕೇಳಿತು ಅಂತ ವಿಚಾರಿಸಿದರೆ ಯಾರಿಗೂ ನೆನಪಿರುವುದಿಲ್ಲ. ಸ್ವಲ್ಪ ಹುಷಾರಿನವರು ಲೊಕೇಶನ್ ಮಾತ್ರ ಬೇಡ ಎಂದು ಒತ್ತಿ, ಬಾಕಿ ಎಲ್ಲಕ್ಕೂ ಹೂಂ ಅಂದಿರುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ನಾವು ಜಗಳ ಆಡುವ ಅನುಮತಿ ಒಂದು, ನಮ್ಮ ಆರೋಗ್ಯದ ಮಾಹಿತಿ ಹೊರಗೆ ಹೋಗುವ ಬಾಗಿಲು ಇನ್ನೊಂದು.

ಇದು ನನಗೆ ಸ್ಪಷ್ಟವಾಗಿದ್ದು ಅಮ್ಮನ ಬ್ಯಾಂಡ್ ಜೋಡಿಸುವಾಗ. ಬೆಳಗಿನ ವಾಕಿಂಗ್‌ಗೆಂದು ಅಪ್ಪ ತಂದುಕೊಟ್ಟಿದ್ದರು. ರಜೆಗೆ ಊರಿಗೆ ಹೋದಾಗ ಅಮ್ಮನ ಹಳೆಯ ಆ್ಯಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಹಾಕಿದೆ. ಮೊದಲ ಪರದೆಯಲ್ಲೇ ಲೊಕೇಶನ್ ಕೇಳಿತು. ‘ಅಲ್ಲ ಕಣೇ, ಕೈಗೆ ಕಟ್ಟೋ ಪಟ್ಟಿಗೆ ನಮ್ಮನೆ ಎಲ್ಲಿದೆ ಅಂತ ಯಾಕೆ ಬೇಕು?’ ಎಂದರು ಅಮ್ಮ. ನಾಲ್ಕು ಸೆಮಿಸ್ಟರ್ ಎಲೆಕ್ಟ್ರಾನಿಕ್ಸ್ ಓದಿದ ನನ್ನ ಗೆಳತಿಯರು ಯಾರೂ ಕೇಳದ ಪ್ರಶ್ನೆ.

ಉತ್ತರ ತುಸು ವಿಚಿತ್ರವಾಗಿದೆ. ಬ್ಯಾಂಡ್ ಹತ್ತಿರದಲ್ಲಿದೆಯೇ ಎಂದು ಹುಡುಕಲು ಫೋನು ಸುತ್ತಲಿನ ಬ್ಲೂಟೂತ್ ಸಂಕೇತಗಳನ್ನೆಲ್ಲ ಆಲಿಸಬೇಕು. ಅಂಗಡಿ, ಮಾಲ್‌ಗಳಲ್ಲಿ ಒಂದೇ ಜಾಗದಲ್ಲಿ ಕೂತು ಸಂಕೇತ ಬಿಡುವ ಪುಟ್ಟ ಬೀಕನ್‌ಗಳೂ ಇರುತ್ತವೆ. ಯಾವ ಬೀಕನ್ ಎಲ್ಲಿದೆ ಎಂದು ತಿಳಿದವರಿಗೆ, ಅದರ ಸಂಕೇತ ಕೇಳಿಸಿಕೊಂಡ ಫೋನು ಎಲ್ಲಿದೆ ಎಂಬುದೂ ತಿಳಿಯುತ್ತದೆ. ಹಾಗಾಗಿ ಆ್ಯಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಲೊಕೇಶನ್ ಅನುಮತಿ ಬೇಕು ಎಂಬ ನಿಯಮ ಇತ್ತು. 2021ರಲ್ಲಿ ಬಂದ ಆ್ಯಂಡ್ರಾಯ್ಡ್ 12 ಇದನ್ನು ಬೇರೆ ಮಾಡಿ, Nearby devices ಎಂಬ ಹೊಸ ಅನುಮತಿ ತಂದಿತು. ಅಂದರೆ ಅಮ್ಮನ ಹಳೆಯ ಫೋನಿನಲ್ಲಿ ಲೊಕೇಶನ್ ಕೊಡದೆ ಬ್ಯಾಂಡ್ ಸಿಗುವುದೇ ಇಲ್ಲ. ನನ್ನ ಫೋನಿನಲ್ಲಿ Nearby devices ಒಂದೇ ಸಾಕು, ಲೊಕೇಶನ್‌ಗೆ ಬೇಡ ಅಂದರೂ ಜೋಡಣೆ ನಿಲ್ಲಬೇಕಾದ ಕಾರಣವಿಲ್ಲ. ಹೊಸ ಫೋನಿನಲ್ಲೂ ಲೊಕೇಶನ್ ಕೊಡದೆ ಮುಂದೆ ಹೋಗಲು ಬಿಡದ ಆ್ಯಪ್ ಇದ್ದರೆ, ಅದು ಆ್ಯಪ್ ಮಾಡಿದವರ ಹಟವೇ ಹೊರತು ಬ್ಲೂಟೂತ್‌ನ ಅಗತ್ಯವಲ್ಲ.

ಜೋಡಿಸುವಾಗ ಇನ್ನೊಂದು ತೊಡಕು ಬಹಳ ಜನರಿಗೆ ಆಗುತ್ತದೆ. ಇಯರ್‌ಬಡ್ ಜೋಡಿಸಿದ ಅಭ್ಯಾಸಕ್ಕೆ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಂಡ್ ಹೆಸರು ಒತ್ತುತ್ತಾರೆ. ಆಮೇಲೆ ಆ್ಯಪ್ ತೆರೆದರೆ ‘ಸಾಧನ ಸಿಗುತ್ತಿಲ್ಲ’ ಎನ್ನುತ್ತದೆ. ಇಂಥ ಬ್ಯಾಂಡ್‌ಗಳು ಸಾಮಾನ್ಯವಾಗಿ ಒಂದು ಸಂಪರ್ಕ ಸಿಕ್ಕ ಕೂಡಲೇ ‘ನಾನಿಲ್ಲಿದ್ದೇನೆ’ ಎಂದು ಕೂಗುವುದನ್ನು ನಿಲ್ಲಿಸುತ್ತವೆ. ಮತ್ತೆ ಆ್ಯಪ್‌ಗೆ ಅದು ಕೇಳಿಸುವುದಾದರೂ ಹೇಗೆ? ಸೆಟ್ಟಿಂಗ್ಸ್‌ನಲ್ಲಿ Forget ಕೊಟ್ಟು, ಆ್ಯಪ್ ಒಳಗಿಂದಲೇ ಜೋಡಿಸಿದರೆ ಸರಿಹೋಗುತ್ತದೆ. ಅಣ್ಣನದೋ ಅಕ್ಕನದೋ ಹಳೆಯ ಬ್ಯಾಂಡ್ ಆಗಿದ್ದರೆ ಮೊದಲು ಅವರ ಆ್ಯಪ್‌ನಲ್ಲಿ ಅನ್‌ಪೇರ್ ಮಾಡಿಸಬೇಕು, ಅಷ್ಟೆ.

ಜೋಡಣೆ ಮುಗಿದ ಮೇಲೆ ಬರುವ ಪ್ರಶ್ನೆಗಳೇ ನಿಜವಾದವು. ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಎಸ್ಸೆಮ್ಮೆಸ್, ನೋಟಿಫಿಕೇಶನ್. ಇವು ಯಾವುವೂ ನಾಡಿ ಬಡಿತಕ್ಕೂ ನಿದ್ದೆಗೂ ಸಂಬಂಧಪಟ್ಟವಲ್ಲ. ಕರೆ ಬಂದಾಗ ಮಣಿಕಟ್ಟಿನ ಮೇಲೆ ‘ಅಪ್ಪ’ ಎಂದು ಹೆಸರು ಕಾಣಬೇಕಾದರೆ ಕಾಂಟ್ಯಾಕ್ಟ್ಸ್ ಬೇಕು. ಹೆಸರು ಕಾಣದಿದ್ದರೂ ಪರವಾಗಿಲ್ಲ ಎನ್ನುವವರಿಗೆ ಬೇಡ. ಇವುಗಳಲ್ಲಿ ಅತಿ ದೊಡ್ಡದು ನೋಟಿಫಿಕೇಶನ್‌ನದು. ಅದು ಉಳಿದವುಗಳಂತೆ ಪುಟ್ಟ ಕಿಟಕಿಯಲ್ಲಿ ಬರದೆ, ನಮ್ಮನ್ನು ಸೆಟ್ಟಿಂಗ್ಸ್‌ನ ಬೇರೆ ಪುಟಕ್ಕೇ ಕರೆದೊಯ್ದು ಎಚ್ಚರಿಕೆ ತೋರಿಸುತ್ತದೆ. ಅದನ್ನು ಕೊಟ್ಟರೆ ಫೋನಿಗೆ ಬರುವ ನೋಟಿಫಿಕೇಶನ್‌ಗಳನ್ನು ಆ್ಯಪ್ ಓದಬಲ್ಲದು, ಸಂದೇಶದ ಒಕ್ಕಣೆಯೂ ಸೇರಿ. ‘ನಾನು ವಾಟ್ಸ್‌ಆ್ಯಪ್ ಮಾತ್ರ ಆನ್ ಇಟ್ಟಿದ್ದೇನಲ್ಲ’ ಎಂದು ಗೆಳತಿಯೊಬ್ಬಳು ವಾದಿಸಿದಳು. ಅವಳು ಆರಿಸಿದ್ದು ಬ್ಯಾಂಡ್ ಆ್ಯಪ್ ಒಳಗಿನ ಪಟ್ಟಿಯಲ್ಲಿ. ಆ ಪಟ್ಟಿ ಹೇಳುವುದು ಬ್ಯಾಂಡ್ ಪರದೆಗೆ ಯಾವುದನ್ನು ಕಳಿಸಬೇಕು ಎಂದು ಮಾತ್ರ. ಆ್ಯಪ್‌ಗೆ ಏನೇನು ಕಾಣುತ್ತದೆ ಎಂಬುದನ್ನು ಅದು ಕಡಿಮೆ ಮಾಡುವುದಿಲ್ಲ.

ಹಾಗಾದರೆ ಆರೋಗ್ಯದ ಅನುಮತಿ ಎಲ್ಲಿ? ಫೋನಿನ ಪಟ್ಟಿಯಲ್ಲಿ Physical activity ಎಂದಿರುತ್ತದೆ. ಹೆಸರು ಕೇಳಿದರೆ ಇದೇ ಇರಬೇಕು ಅನಿಸುತ್ತದೆ. ಆದರೆ ಅದು ಫೋನು ತಾನೇ ಎಣಿಸಿದ ಹೆಜ್ಜೆಗೆ ಸಂಬಂಧಿಸಿದ್ದು. ಬ್ಯಾಂಡ್‌ನೊಳಗೆ ಅದರದೇ ಆ್ಯಕ್ಸೆಲೆರೋಮೀಟರ್ ಇದೆ, ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ನಾಡಿ ಅಳೆಯುವ ಸೆನ್ಸರ್ ಇದೆ. ಆ ಅಂಕಿಗಳು ಬ್ಲೂಟೂತ್ ಮೂಲಕ ನೇರವಾಗಿ ಆ್ಯಪ್‌ಗೆ ಬಂದು ಬೀಳುತ್ತವೆ. ಬ್ಲೂಟೂತ್‌ಗೆ ಒಮ್ಮೆ ಹೂಂ ಅಂದಮೇಲೆ, ‘ಈ ಆ್ಯಪ್ ನಿಮ್ಮ ನಾಡಿ ಬಡಿತ ಓದಲೇ?’ ಎಂದು ಆ್ಯಂಡ್ರಾಯ್ಡ್ ಮತ್ತೆ ಕೇಳುವುದಿಲ್ಲ. ಅದರ ಕಣ್ಣಿಗೆ ಅವು ಯಾವುದೋ ಸಾಧನದಿಂದ ಬಂದ ಒಂದಿಷ್ಟು ಬೈಟ್‌ಗಳು. ಆ್ಯಪ್ ಅವನ್ನು ತನ್ನ ಸರ್ವರ್‌ಗೆ ಕಳಿಸುವಾಗಲೂ ಕೇಳುವುದಿಲ್ಲ, ಏಕೆಂದರೆ ಇಂಟರ್‌ನೆಟ್ ಬಳಕೆಗೆ ಆ್ಯಂಡ್ರಾಯ್ಡ್ ನಮ್ಮ ಒಪ್ಪಿಗೆ ಪಡೆಯುವ ಪದ್ಧತಿಯೇ ಇಲ್ಲ.

ಹೊಸ ಫೋನುಗಳಲ್ಲಿ ಹೆಲ್ತ್ ಕನೆಕ್ಟ್ ಇದೆಯಲ್ಲ ಎನ್ನಬಹುದು. ಆ್ಯಂಡ್ರಾಯ್ಡ್ 14ರಿಂದ ಅದು ಫೋನಿನ ಭಾಗವೇ ಆಗಿದೆ, ಚೆನ್ನಾಗಿಯೂ ಇದೆ. ಹೆಜ್ಜೆ, ನಿದ್ದೆ, ತೂಕ ಎಂದು ಒಂದೊಂದಕ್ಕೂ ಓದುವ, ಬರೆಯುವ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬಹುದು. ಹೊಸ ಆ್ಯಪ್‌ಗೆ ಓದಲು ಬಿಟ್ಟರೂ, ಬೇರೆಯವರು ಬರೆದಿಟ್ಟ ಹಳೆಯ ಮಾಹಿತಿಯಲ್ಲಿ ಹಿಂದಿನ 30 ದಿನದ್ದಷ್ಟೇ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಿದ್ದರೆ ಬೇರೆಯೇ ಅನುಮತಿ ಕೇಳಬೇಕು. ಆದರೆ ಹೆಲ್ತ್ ಕನೆಕ್ಟ್ ಕಾಯುವುದು ಒಂದು ಆ್ಯಪ್‌ನಿಂದ ಇನ್ನೊಂದು ಆ್ಯಪ್‌ಗೆ ಹೋಗುವ ದಾರಿಯನ್ನು. ಬ್ಯಾಂಡ್‌ನಿಂದ ಅದರ ಸ್ವಂತ ಆ್ಯಪ್‌ಗೆ, ಅಲ್ಲಿಂದ ಕಂಪನಿಯ ಸರ್ವರ್‌ಗೆ ಹೋಗುವ ದಾರಿಯಲ್ಲಿ ಅದು ನಿಂತೇ ಇಲ್ಲ. ಆ ದಾರಿಯಲ್ಲಿ ಇರುವ ಗೇಟು ಒಂದೇ: ಖಾತೆ ತೆರೆಯುವಾಗ ಟಿಕ್ ಹಾಕುವ ಷರತ್ತುಗಳ ಪುಟ. ಯಾರೂ ಓದದ ಪುಟ!

ಅಮ್ಮನ ಆ್ಯಪ್‌ನಲ್ಲಿ ಆ ಪುಟದಲ್ಲಿ ಮೂರು ಟಿಕ್ ಇದ್ದವು. ಎರಡು ಕಡ್ಡಾಯ, ಮೂರನೆಯದು ‘ಬಳಕೆದಾರರ ಅನುಭವ ಸುಧಾರಣೆ’ಯದು. ಮೂರನೆಯದನ್ನು ತೆಗೆದರೂ ಖಾತೆ ತೆರೆಯಿತು. ಮುಂದೆ ಹುಟ್ಟಿದ ದಿನ, ಎತ್ತರ, ತೂಕ, ಮುಟ್ಟಿನ ದಿನಾಂಕ ಕೇಳಿತು. ಎತ್ತರ ಹೆಜ್ಜೆಯ ಉದ್ದ ಅಂದಾಜಿಸಲು, ತೂಕ ಕ್ಯಾಲೊರಿ ಲೆಕ್ಕಕ್ಕೆ ಬೇಕು. ವಯಸ್ಸು ಬೇಕಿರುವುದು ಗರಿಷ್ಠ ನಾಡಿ ಬಡಿತದ ಅಂದಾಜಿಗೆ, ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆಯುವ ಸೂತ್ರ. 48 ವರ್ಷದ ಅಮ್ಮನಿಗೆ 172. ಇದಕ್ಕೆ ಇಸವಿ ಸಾಕು, ತಾರೀಖು ಬೇಕಿಲ್ಲ. ಜನವರಿ 1 ಎಂದು ಹಾಕಿದೆವು. ಮುಟ್ಟಿನ ಕಾಲಂ ಖಾಲಿ ಬಿಟ್ಟೆವು. ಅದು ಬ್ಯಾಂಡ್ ಅಳೆದು ತಂದದ್ದಲ್ಲ, ನಾವೇ ಕೈಯಾರೆ ಬರೆದು ಕೊಡುವುದು.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಬ್ಲೂಟೂತ್ ಮಾತ್ರ ಇಟ್ಟು, ಅಮ್ಮನಿಗೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬರಲು ಹೇಳಿದೆ. ಆ್ಯಪ್ ತೆರೆದು ಕೆಳಕ್ಕೆ ಎಳೆದರೆ ಹೆಜ್ಜೆ, ನಾಡಿ ಎರಡೂ ಬಂದವು. ಹವಾಮಾನ ಮಾತ್ರ ಬರಲಿಲ್ಲ. ನಿಮ್ಮ ಬ್ಯಾಂಡ್‌ನಲ್ಲೂ ಇದನ್ನು ಮಾಡಿ ನೋಡಬಹುದು. ಅಂಕಿಗಳು ಬಂದರೆ, ಅಳೆಯುವ ಕೆಲಸಕ್ಕೆ ಸರ್ವರ್ ಬೇಕಿಲ್ಲ ಎಂದಾಯಿತು. Gadgetbridge ಎಂಬ ಮುಕ್ತ ತಂತ್ರಾಂಶ ನಿಂತಿರುವುದು ಈ ಬುನಾದಿಯ ಮೇಲೆಯೇ. ಖಾತೆ ಕೇಳದೆ ಹಲವು ಕಂಪನಿಗಳ ಬ್ಯಾಂಡ್‌ಗಳನ್ನು ಜೋಡಿಸಿ, ಅಂಕಿಗಳನ್ನು ಫೋನಿನಲ್ಲೇ ಇಡುತ್ತದೆ. ಎಲ್ಲ ಮಾದರಿಗಳಿಗೂ ಆಗುವುದಿಲ್ಲ. ಕೆಲವಕ್ಕೆ ಒಮ್ಮೆ ಕಂಪನಿಯ ಆ್ಯಪ್‌ನಿಂದಲೇ ಕೀ ಪಡೆಯಬೇಕಾದ ಪಜೀತಿಯೂ ಇದೆ.

‘ನಾನು ಎಷ್ಟು ಹೆಜ್ಜೆ ನಡೆದೆ ಅಂತ ಯಾರಿಗೆ ಬೇಕು?’ ಎಂಬುದು ನಮ್ಮ ಕ್ಯಾಂಟೀನಿನ ಖಾಯಂ ವಾದ. ಒಂದು ದಿನದ ಲೆಕ್ಕ ಯಾರಿಗೂ ಬೇಡ, ನಿಜ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ 20 ವರ್ಷದ ವಿದ್ಯಾರ್ಥಿ ನೇಥನ್ ರೂಸರ್, ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ವಿಶ್ವ ನಕ್ಷೆಯಲ್ಲಿ ಸೇನಾ ನೆಲೆಗಳು ಹೊಳೆಯುತ್ತಿರುವುದನ್ನು ತೋರಿಸಿದ. ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲ. ಸೈನಿಕರು ದಿನವೂ ಓಡಿದ ದಾರಿಗಳ ಮೊತ್ತ ಇತ್ತು, ಅಷ್ಟೇ. ಪಿಜಿಯಿಂದ ಹೊರಟು ಪಿಜಿಗೇ ಮರಳುವ ನಮ್ಮ ಓಟಕ್ಕೂ ಎರಡು ತುದಿ ಇದ್ದೇ ಇರುತ್ತದೆ. ದಾರಿ ಗುರುತಿಸಬೇಕೆಂದರೆ ಲೊಕೇಶನ್‌ಗೆ While using the app ಕೊಡಿ. ಹವಾಮಾನ ಸಾಕೆಂದರೆ ನಿಖರ ಸ್ಥಳದ ಆಯ್ಕೆ ತೆಗೆಯಿರಿ.

ಕಾನೂನು ಏನೂ ಹೇಳಿಲ್ಲ ಎಂದಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ವೈದ್ಯರನ್ನು ಫೋನಿನಲ್ಲೇ ಕಾಣುವ ಆ್ಯಪ್ ಒಂದು, ಚಿಕಿತ್ಸೆಯ ಮಾಹಿತಿ ಜತೆ ಕಾಂಟ್ಯಾಕ್ಟ್ಸ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ಬಳಕೆದಾರರು ಎರಡಕ್ಕೂ ಹೂಂ ಎನ್ನುತ್ತಾರೆ. ಕಾಂಟ್ಯಾಕ್ಟ್ಸ್ ಆ ಸೇವೆಗೆ ಅಗತ್ಯವಲ್ಲದ್ದರಿಂದ, ಆ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗಷ್ಟೇ ಸೀಮಿತ ಎನ್ನುತ್ತದೆ ಕಾಯ್ದೆ. ನಮ್ಮ ಬ್ಯಾಂಡ್‌ಗಳನ್ನು ನೋಡಿಯೇ ಬರೆದಂತಿದೆ. ಆದರೆ ಇದೇ ಕಾಯ್ದೆ ಆರೋಗ್ಯದ ಮಾಹಿತಿಗೆ ಬೇರೆ ದರ್ಜೆ ಕೊಟ್ಟಿಲ್ಲ, ನಾಡಿ ಬಡಿತವೂ ಇಮೇಲ್ ವಿಳಾಸವೂ ಅದಕ್ಕೆ ಒಂದೇ. 2011ರ ಐಟಿ ನಿಯಮಗಳು ಆರೋಗ್ಯ ಸ್ಥಿತಿಯನ್ನು ‘ಸೂಕ್ಷ್ಮ’ ಮಾಹಿತಿಯ ಪಟ್ಟಿಯಲ್ಲಿ ಇಟ್ಟಿದ್ದವು. ಆ ಭೇದವನ್ನು ಬಿಟ್ಟದ್ದು ನನ್ನ ಪ್ರಕಾರ ಸರಿಯಲ್ಲ. ನಾಡಿ, ನಿದ್ದೆಯ ಅಂಕಿಗಳನ್ನು ಸರ್ವರ್‌ಗೆ ಕಳಿಸುವ ಮುನ್ನ, ಷರತ್ತುಗಳ ರಾಶಿಯೊಳಗೆ ಹುದುಗಿಸದೆ, ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಕೇಳಬೇಕು. ಬೇಡ ಎಂದರೂ ಬ್ಯಾಂಡ್ ಫೋನಿನ ಮಟ್ಟಿಗೆ ಕೆಲಸ ಮಾಡಬೇಕು. ಮಾಡಲು ಬರುತ್ತದೆ ಎಂಬುದನ್ನು ಅಂಗಳದ ನಾಲ್ಕು ಸುತ್ತೇ ತೋರಿಸಿದೆಯಲ್ಲ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಇಷ್ಟು. ಆ್ಯಪ್ ಇಳಿಸುವ ಮುನ್ನ ಪ್ಲೇ ಸ್ಟೋರ್‌ನಲ್ಲಿ Data safety ಭಾಗ ತೆರೆದು, ಆರೋಗ್ಯದ ಮಾಹಿತಿಯನ್ನು ಯಾರೊಂದಿಗಾದರೂ ಹಂಚುತ್ತಾರೆಯೇ ನೋಡಿ. ಅದು ಕಂಪನಿ ತಾನೇ ಬರೆದುಕೊಟ್ಟದ್ದು ಎಂಬುದು ನೆನಪಿರಲಿ. ಬ್ಯಾಂಡ್ ಮಾರುವಾಗ ಅಥವಾ ಬೇಸರ ಬಂದು ಬಿಟ್ಟಾಗ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾಗಬೇಡಿ, ಸರ್ವರ್‌ನಲ್ಲಿ ಇದ್ದದ್ದು ಅಲ್ಲೇ ಇರುತ್ತದೆ. ಮೊದಲು ಆ್ಯಪ್ ಒಳಗೆ ಖಾತೆ ಅಳಿಸುವ ಆಯ್ಕೆ ಹುಡುಕಿ ಅಳಿಸಿ, ಬ್ಯಾಂಡ್ ಅನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಕೊನೆಗೆ ಆ್ಯಪ್ ತೆಗೆಯಿರಿ. ಆ ಮೊದಲೇ ಆ್ಯಪ್ ತೆಗೆದುಬಿಟ್ಟವರು ಪ್ಲೇ ಸ್ಟೋರ್‌ನ ಅದೇ Data safety ಭಾಗದಲ್ಲಿ ಖಾತೆ ಅಳಿಸಲು ಕೊಟ್ಟಿರುವ ಕೊಂಡಿಯನ್ನು ಹುಡುಕಬಹುದು.