ಲಿಂಕ್ ತೆಗೆದ್ರೆ ಫೋಟೊ ವಾಪಸ್ ಬಂದಂಗಲ್ಲ ಕಣ್ರಮ್ಮ

"ಲಿಂಕ್ ತೆಗ್ಸಿದೀನಿ ಬಿಡವ್ವ, ಇನ್ನು ಆ ಫೋಟೊ ಯಾರಿಗೂ ಕಾಣಂಗಿಲ್ಲ" ಅಂತ ತಂಗಿ ಮಗಳಿಗೆ ಮಾತು ಕೊಟ್ಟೋಳು ನಾನೇ. ಆ ಮಾತು ಸುಳ್ಳಾತು. ಬೇಕಂತ ಹೇಳಿದ ಸುಳ್ಳಲ್ಲ, ತಿಳೀದೆ ಹೇಳಿದ್ದು. ಆದ್ರೆ ಕೇಳಿದೋಳ ಹೊಟ್ಟೇಲಿ ಬಿದ್ದ ಬೆಂಕಿಗೆ ಎರಡೂ ಒಂದೇ. ಅದಕ್ಕೇ ಇವತ್ತು ಈ ಮಾತು ಬರೀತಿದೀನಿ, ಯಾರಿಗಾದ್ರೂ ಖಾರ ಅನ್ನಿಸಿದ್ರೆ ಅನ್ನಿಸ್ಲಿ.

ನಡೆದಿದ್ದು ಇಷ್ಟು. ಹೋದ ವರ್ಷ ಅವಳ ಕುಬಸ ನಮ್ಮ ಮನೇಲೇ ಮಾಡಿದ್ವಿ. ಹಸಿರು ಬಳೆ, ಹಸಿರು ಸೀರೆ, ಮಡ್ಲಕ್ಕಿ ಎಲ್ಲಾ ಚೆಂದಾಗಿ ಆತು. ನನ್ನ ಮಗ ನೂರಾ ನಲ್ವತ್ತು ಫೋಟೊ ಹೊಡೆದು ಗೂಗಲ್ ಫೋಟೋಸ್‌ನಲ್ಲಿ ಒಂದು ಆಲ್ಬಂ ಮಾಡಿ, ಅದರ ಲಿಂಕ್‌ನ ನಮ್ಮ ಬಂಧು ಬಳಗದ ವಾಟ್ಸಾಪ್ ಗುಂಪಿಗೆ ಹಾಕ್ದ. ಎಲ್ಲಾರೂ ನೋಡಿ ಖುಷಿಪಟ್ರು. ಮುಂದಿನ ತಿಂಗ್ಳು ಕೂಸು ಉಳೀಲಿಲ್ಲ. ಆಸ್ಪತ್ರೆಯಿಂದ ಬಂದ ಮೂರನೇ ದಿನ ಆ ಹುಡುಗಿ ಕೇಳಿದ್ದು ಒಂದೇ: "ದೊಡ್ಡವ್ವ, ಆ ಫೋಟೊ ಎಲ್ಲಾ ತೆಗ್ಸಿಬಿಡು." ಅವತ್ತೇ ರಾತ್ರಿ ಮಗ ಲಿಂಕ್ ತೆಗೆದ. ಬೇರೆ ಫೋನ್‌ನಲ್ಲಿ ಒತ್ತಿ ನೋಡಿದ್ವಿ, ತೆರೀಲಿಲ್ಲ. ಮುಗೀತು ಅಂದ್ಕಂಡ್ವಿ.

ಸರಿಯಾಗಿ ಒಂದು ವರ್ಷಕ್ಕೆ ನಮ್ಮ ಬಳಗದ ಒಬ್ಬ ಹೆಣ್ಣುಮಗಳು ಅದೇ ಕುಬಸದ ಫೋಟೊನ ಸ್ಟೇಟಸ್‌ಗೆ ಹಾಕಿದ್ಲು, "ಹೋದ ವರ್ಷ ಇದೇ ದಿನ" ಅಂತ. ಆ ಹುಡುಗಿ ಮುಂಜಾನೆ ಎದ್ದು ಮೊದ್ಲು ಕಂಡಿದ್ದೇ ಅದು.

ಫೋನ್ ಮಾಡಿ ಕೇಳಿದ್ರೆ ಅವಳು ಏನಂದ್ಲು ಗೊತ್ತಾ? "ಅಕ್ಕ, ಫೋಟೊ ಹಾಕಿದ್ದು ನೀವೇ ಅಲ್ವಾ, ನಾನೇನು ಕದ್ದಿಲ್ಲ. ಫೋನೇ ನೆನಪಿಸ್ತು, ಚೆಂದ ಇತ್ತು, ಹಾಕಿದೆ."

ಕದ್ದಿಲ್ಲ ಅನ್ನೋದು ನಿಜ. ಆದ್ರೆ ಅದು ಹೆಂಗೆ ಅವಳ ಹತ್ರ ಉಳೀತು ಅಂತ ಮಗನ್ನ ಕೂರಿಸಿ ಕೇಳಿದೆ. ಅವನು ತೋರಿಸಿದ ಮೇಲೆ ನನಗೆ ತಿಳಿದಿದ್ದನ್ನ ನಮ್ಮ ಭಾಷೇಲಿ ಹೇಳ್ತೀನಿ.

ಲಿಂಕ್ ಅನ್ನೋದು ಸೂಳೆಕೆರೆ ತೂಬು ಇದ್ದಂಗೆ. ತೂಬು ಮುಚ್ಚಿದ್ರೆ ಇನ್ಮುಂದೆ ನೀರು ಹೋಗಂಗಿಲ್ಲ. ಆಗ್ಲೇ ನಾಲೆ ದಾಟಿ ಗದ್ದೆಗೆ ಇಳಿದ ನೀರು ತಿರುಗಿ ಕೆರೆಗೆ ಬರ್ತೈತೇನು? ಆಲ್ಬಂನ Options ಒಳಗೆ Link sharing ಅಂತ ಇರ್ತೈತೆ. ಅದನ್ನ ಆಫ್ ಮಾಡಿದ್ರೆ ಆ ಲಿಂಕ್ ಸತ್ತೋಗ್ತೈತೆ, ಹೊಸದಾಗಿ ಒತ್ತಿದೋರಿಗೆ ಏನೂ ಕಾಣಂಗಿಲ್ಲ. ಅಷ್ಟೇ ಅದರ ಕೆಲಸ. ತಮ್ಮ ಹೆಸರಲ್ಲಿ ಆಲ್ಬಂಗೆ ಸೇರಿದೋರು ಒಳಗೇ ಇರ್ತಾರೆ, ಅವರನ್ನ ಒಬ್ಬೊಬ್ಬರಾಗಿ ಬೇರೆ ತೆಗೀಬೇಕು. ಹಂಗೆ ತೆಗೆದ್ರೆ ಅವರು ಆ ಆಲ್ಬಂಗೆ ಹಾಕಿದ್ದ ಫೋಟೊನೂ ಅಲ್ಲಿಂದ ಹೋಗ್ತಾವೆ. ಸೇರದೆ ಬರೀ ಲಿಂಕ್ ಒತ್ತಿ ನೋಡಿ ಹೋದೋರ ಹೆಸರಂತೂ ಆ ಪಟ್ಟೀಲಿ ಇರಂಗಿಲ್ಲ.

ಇನ್ನು ಉಳಿಸ್ಕಂಡಿರೋ ಫೋಟೊ. ಆಲ್ಬಂ ನೋಡೋವಾಗ Save ಒತ್ತಿದ್ರೆ ಆ ಫೋಟೊದ ಇನ್ನೊಂದು ಪ್ರತಿ ಒತ್ತಿದೋರ ಖಾತೆಗೆ ಹೋಗಿ ಕೂತ್ಕಂತೈತೆ. ಅದು ನಮ್ಮ ಫೋಟೊದ ನೆರಳಲ್ಲ, ಬೇರೇನೇ ಫೋಟೊ. ನಾವು ಲಿಂಕ್ ತೆಗೀಲಿ, ಆಲ್ಬಂ ಅಳಿಸ್ಲಿ, ನಮ್ಮ ಮೂಲ ಫೋಟೊನೇ ಕಸದ ಬುಟ್ಟಿಗೆ ಹಾಕಿ 60 ದಿನಕ್ಕೆ ಪೂರ್ತಿ ಅಳಿಸೋಗ್ಲಿ, ಅವರ ಪ್ರತಿಗೆ ಒಂದು ಗೆರೆನೂ ಬೀಳಂಗಿಲ್ಲ. ಅವರು ಹಳೇ ಫೋನ್ ಬಿಟ್ಟು ಹೊಸದು ತಗಂಡ್ರೂ ಅದು ಖಾತೆ ಹಿಂದೆ ಬರ್ತೈತೆ. ವರ್ಷ ತುಂಬಿದ ದಿನ "ನೆನಪು" ಅಂತ ತಾನೇ ಎದ್ದು ಬರೋದೂ ಅದೇ ಪ್ರತಿ. ಸ್ಕ್ರೀನ್‌ಶಾಟ್ ಹೊಡೆದಿದ್ರೂ, ಡೌನ್‌ಲೋಡ್ ಮಾಡಿದ್ರೂ ಇದೇ ಕತೆ.

ಇನ್ನೊಂದು ಗಮನಿಸಿ. ಗುಂಪಿಗೆ ಲಿಂಕ್ ಹಾಕಿದಾಗ ಅದರ ಮೇಲೆ ಒಂದು ಸಣ್ಣ ಚಿತ್ರ ಮೂಡ್ತೈತಲ್ಲ, ಲಿಂಕ್ ಸತ್ತ ಮೇಲೂ ಅದು ಗುಂಪಿನಲ್ಲಿ ಹಂಗೇ ಇರ್ತೈತೆ. ನಮ್ಮದರಲ್ಲಿ ಇದ್ದಿದ್ದು ಅವಳು ಬಳೆ ತೊಟ್ಟು ನಗ್ತಿದ್ದ ಚಿತ್ರ. ಆ ಮೆಸೇಜನ್ನೇ ಎಲ್ಲಾರಿಗೂ ಅಳಿಸ್ಬೇಕು ಅಂದ್ರೆ ಕಳಿಸಿ ಸುಮಾರು ಎರಡೂವರೆ ದಿನದ ಒಳಗೆ ಮಾಡ್ಬೇಕು. ನಮಗೆ ತಿಂಗ್ಳು ಕಳೆದಿತ್ತು. ಕೊನೆಗೆ ಒಬ್ಬೊಬ್ಬರಿಗೆ ಹೇಳಿ ಅವರವರ ಫೋನಿಂದ ಅಳಿಸಿದ್ವಿ.

ಈಗ ಜಗಳಕ್ಕೆ ಬರ್ತೀನಿ. "ಕೊಟ್ಟಿದ್ದು ನೀವೇ ಅಲ್ವಾ" ಅನ್ನೋರಿಗೆ ನನ್ನ ಮಾತು: ನೋಡಾಕೆ ಕೊಟ್ಟಿದ್ದು ಕಣವ್ವ, ಊರಿಗೆ ತೋರ್ಸಾಕೆ ಕೊಟ್ಟಿದ್ದಲ್ಲ. ನಮ್ಮ ಮನೆ ಒಡವೆ ಮದುವೆಗೆ ಹಾಕ್ಕೊಂಡು ಹೋಗಾಕೆ ಕೊಟ್ರೆ, ಅದನ್ನ ಇನ್ನೊಬ್ಬರ ಕೊರಳಿಗೆ ಹಾಕೋ ಮುಂಚೆ ಕೇಳ್ತೀಯ ತಾನೆ? ಫೋಟೊಕ್ಕೆ ಯಾಕೆ ಕೇಳಂಗಿಲ್ಲ? ಅದರಲ್ಲೂ ಆ ಮನೇಲಿ ಏನು ನಡೆದೈತೆ ಅಂತ ಗೊತ್ತಿದ್ದೂ, "ಫೋನ್ ನೆನಪಿಸ್ತು" ಅಂತ ಫೋನ್ ಮೇಲೆ ಹಾಕಿದ್ರೆ ಆಗಂಗಿಲ್ಲ. ಫೋನಿಗೆ ತಾರೀಕು ಗೊತ್ತು, ನೋವು ಗೊತ್ತಿಲ್ಲ. ನಿನಗೆ ಗೊತ್ತಿತ್ತು.

ಆದ್ರೆ ಅರ್ಧ ತಪ್ಪು ನಂದೂ ಹೌದು. ಲಿಂಕ್ ತೆಗ್ಸಿ ನಾನು ಸುಮ್ನೆ ಕೂತೆ. ಗುಂಪಿನಲ್ಲಿ ಒಂದು ಮಾತು ಹೇಳಾಕೆ ನಾಚಿಕೆ ಆತು, "ಸಾವಿನ ಮನೇಲಿ ಫೋಟೊ ಮಾತು ಏನು ಅಂದ್ಕಂತಾರೆ" ಅಂತ. ಆ ನಾಚಿಕೆಯಿಂದ ಹುಡುಗಿಗೆ ಎರಡನೇ ಸಲ ನೋವಾತು. ಮಷೀನಿಗೆ ಆಗದ ಕೆಲಸ ಬಾಯಿಂದ ಆಗ್ಬೇಕಿತ್ತು. ಲಿಂಕ್ ಮುಚ್ಚಿದ್ದು ನನ್ನ ಮಗ, ಉಳಿದ ಪ್ರತಿ ಅಳಿಸ್ರಿ ಅಂತ ಕೇಳ್ಬೇಕಾದೋಳು ನಾನು.

ಈ ಸಲ ಕೇಳಿದೆ. ಮೊದ್ಲು ಲಿಂಕ್ ಆಫ್ ಐತಾ ನೋಡ್ಕಂಡೆ, ಆಲ್ಬಂ ಒಳಗಿನ ಹೆಸರೆಲ್ಲಾ ಚೀಟೀಲಿ ಬರ್ಕಂಡೆ, ಆಮೇಲೆ ಅವರನ್ನ ತೆಗ್ಸಿದೆ. ಹೆಸರು ಬರ್ಕಳದು ಮೊದ್ಲು ಮಾಡ್ಬೇಕು, ಆಲ್ಬಂ ಅಳಿಸಿಬಿಟ್ರೆ ಪಟ್ಟಿನೂ ಹೋಗ್ತೈತೆ. ಹನ್ನೊಂದು ಹೆಸರು ಸಿಕ್ವು. ಹನ್ನೊಂದು ಮನೆಗೂ ಫೋನ್ ಮಾಡಿ, "ಕುಬಸದ ಫೋಟೊ ನಿಮ್ಮ ಹತ್ರ ಇದ್ರೆ ಅಳಿಸ್ಬಿಡ್ರಿ, ಕಸದ ಬುಟ್ಟಿಯಿಂದಲೂ ಅಳಿಸ್ರಿ" ಅಂದೆ. ಲಿಂಕ್ ಒತ್ತಿ ನೋಡಿ ಹೋದೋರಿಗೆ ಅಂತ ಗುಂಪಿನಲ್ಲೂ ಅದೇ ಮಾತು ಹಾಕಿದೆ. ಒಬ್ಬ ಅತ್ತಿಗೆ ಅತ್ಕಂಡೇ ಅಳಿಸಿದ್ಲು. ಒಬ್ಬರು "ನೋಡೋಣ" ಅಂದ್ರು. ಅವರು ಅಳಿಸಿದ್ರೋ ಇಲ್ವೋ ನೋಡಾಕೆ ನನ್ನ ಹತ್ರ ದಾರಿ ಇಲ್ಲ, ಯಾರ ಹತ್ರಾನೂ ಇಲ್ಲ. ಹುಡುಗಿಗೂ ಇದನ್ನ ಹಿಂಗೇ ಹೇಳಿದೆ: "ಕೇಳಿದೀನಿ ಕಣವ್ವ, ಬಹಳ ಜನ ಅಳಿಸ್ಯಾರೆ, ಎಲ್ಲಾರೂ ಅಳಿಸ್ಯಾರೆ ಅಂತ ಮಾತು ಕೊಡಲ್ಲ." ಅವಳು ತಲೆ ಆಡಿಸಿದ್ಲು.

ಇನ್ಮುಂದೆ ನಮ್ಮ ಮನೆ ಫೋಟೊ ಗುಂಪಿಗೆ ಲಿಂಕಾಗಿ ಬರಂಗಿಲ್ಲ. ಬೇಕಾದೋರು ಮನೆಗೆ ಬರ್ರಿ, ಚಾ ಕುಡೀತಾ ನನ್ನ ಫೋನ್‌ನಲ್ಲೇ ನೋಡ್ರಿ. ಜಂಬ ಬಂದೈತೆ ಅನ್ನೋರು ಅನ್ಲಿ. ಮತ್ತೆ ನಿಮ್ಮ ಫೋನ್‌ನಲ್ಲಿ ಯಾರ ಮನೇದಾದ್ರೂ ಹಳೇ ಕುಬಸ, ಹಳೇ ಮದುವೆ ಫೋಟೊ ಎದ್ದು ಬಂದ್ರೆ, ಸ್ಟೇಟಸ್‌ಗೆ ಬೆರಳು ಹೋಗೋ ಮುಂಚೆ ಅದರಲ್ಲಿರೋ ಹೆಣ್ಣುಮಗಳಿಗೆ ಒಂದು ಫೋನ್ ಮಾಡ್ರಿ.