ಗುಜರಾತ್ ದೊಡ್ಡದೋ, ಕರ್ನಾಟಕ ದೊಡ್ಡದೋ?

ಗ್ರೀನ್‌ಲ್ಯಾಂಡಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಭಾರತಕ್ಕಿಂತ ಚಿಕ್ಕದಾದ ಆ ದ್ವೀಪ ಪ್ರಪಂಚದ ಭೂಪಟದಲ್ಲಿ ಆಫ್ರಿಕಾದ ಜೊತೆ ಪೈಪೋಟಿಗೆ ನಿಂತಿರುತ್ತದೆ. ಅದನ್ನು ನೋಡಿ ನಕ್ಕು ಸುಮ್ಮನಾಗುತ್ತೇವೆ, ಧ್ರುವದ ಹತ್ತಿರದ ಸಮಾಚಾರ, ನಮಗೇನು ಅಂತ. ನನ್ನ ತಕರಾರು ಇರುವುದು ಈ 'ನಮಗೇನು' ಬಗ್ಗೆ. ಅದೇ ಹಿಗ್ಗುವಿಕೆ ಭಾರತದೊಳಗೂ ಇದೆ. ಅದನ್ನು ಬಹುಮಟ್ಟಿಗೆ ಹೋಗಲಾಡಿಸುವ ದಾರಿ 1772ರಿಂದಲೂ ಇದೆ. ಆದರೂ ವೆಬ್‌ಸೈಟುಗಳಲ್ಲಿ ನಮ್ಮ ರಾಜ್ಯಗಳನ್ನು ಹೋಲಿಸುವ ನಕ್ಷೆಗಳು ಹಳೇ ಸಿಲಿಂಡರಿನಲ್ಲೇ ಸಿಕ್ಕಿಹಾಕಿಕೊಂಡಿರುತ್ತವೆ.

ಮೊದಲು, ಗೋಳವನ್ನು ಚಪ್ಪಟೆ ಮಾಡಿದರೆ ಏನಾದರೊಂದು ಕೆಡಲೇಬೇಕು ಯಾಕೆ? ಉತ್ತರ ಧ್ರುವದಲ್ಲಿ ಒಂದು ಗೂಟ ನೆಟ್ಟು, ಅದಕ್ಕೆ 10,000 ಕಿ.ಮೀ. ಉದ್ದದ ಹಗ್ಗ ಕಟ್ಟಿ, ನೆಲಕ್ಕೆ ಅಂಟಿದಂತೆ ಎಳೆದುಕೊಂಡು ಒಂದು ಸುತ್ತು ಬನ್ನಿ. ಹಗ್ಗದ ತುದಿ ಸಮಭಾಜಕ ವೃತ್ತವನ್ನು ಮುಟ್ಟುತ್ತದೆ, ನೀವು ನಡೆದದ್ದು ಸುಮಾರು 40,000 ಕಿ.ಮೀ. ಈಗ ಅದೇ ಹಗ್ಗದಿಂದ ಚಪ್ಪಟೆ ನೆಲದ ಮೇಲೆ ವೃತ್ತ ಎಳೆಯಿರಿ. ಸುತ್ತಳತೆ ಸುಮಾರು 62,800 ಕಿ.ಮೀ. ಬರುತ್ತದೆ. ಹಗ್ಗ ಒಂದೇ, ಸುತ್ತು ಬೇರೆ. ಹಾಗಾಗಿ ಎಲ್ಲ ಅಳತೆಗಳನ್ನೂ ಉಳಿಸಿಕೊಂಡು ಗೋಳವನ್ನು ಕಾಗದಕ್ಕೆ ಇಳಿಸುವುದು ಸಾಧ್ಯವೇ ಇಲ್ಲ. ಇದನ್ನು ಗಣಿತದಲ್ಲಿ ಪಕ್ಕಾ ಮಾಡಿಕೊಟ್ಟವನು ಗೌಸ್, 1827ರಲ್ಲಿ.

ಹಾಗಾದರೆ ಸಿಲಿಂಡರ್, ಶಂಕು ಅಂತ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಕಾಗದವನ್ನು ಸುತ್ತಿ ಕೊಳವೆ ಮಾಡಬಹುದು, ಕಡಲೆಕಾಯಿ ಪೊಟ್ಟಣವನ್ನೂ ಮಾಡಬಹುದು, ಬಿಚ್ಚಿದರೆ ಮತ್ತೆ ಚಪ್ಪಟೆ ಕಾಗದವೇ. ಎಲ್ಲೂ ಹಿಗ್ಗುವುದಿಲ್ಲ, ಮಡಿಕೆ ಬೀಳುವುದಿಲ್ಲ. ಅಂದರೆ ಕೊಳವೆಯಿಂದ ಕಾಗದಕ್ಕೆ ಬರುವಾಗ ಏನೂ ಕೆಡುವುದಿಲ್ಲ, ಕೆಡುವುದೆಲ್ಲ ಗೋಳದಿಂದ ಕೊಳವೆಗೆ ಅಥವಾ ಪೊಟ್ಟಣಕ್ಕೆ ಹೋಗುವಾಗಲೇ. ಕಾಗದ ಗೋಳವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಅಳತೆ ಸರಿ, ದೂರ ಹೋದಂತೆಲ್ಲ ಕೆಡುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ನಿಮಗೆ ಬೇಕಾದ ಜಾಗದ ಹತ್ತಿರ ಕಾಗದ ಮುಟ್ಟುತ್ತಿದೆಯೇ?

ಸಿಲಿಂಡರ್ ಮುಟ್ಟುವುದು ಸಮಭಾಜಕದಲ್ಲಿ. 60 ಡಿಗ್ರಿ ಅಕ್ಷಾಂಶದ ವೃತ್ತ ನಿಜವಾಗಿ ಸಮಭಾಜಕದ ಅರ್ಧದಷ್ಟೇ ಉದ್ದ. ಆದರೆ ನಕ್ಷೆಯಲ್ಲಿ ಎರಡೂ ಒಂದೇ ಅಗಲ. ಅಂದರೆ ಅಲ್ಲಿ ಪೂರ್ವ-ಪಶ್ಚಿಮವಾಗಿ ಎರಡು ಪಟ್ಟು ಎಳೆದಂತಾಯಿತು. ಆಕಾರ ಕೆಡಬಾರದು ಅಂತ ಮರ್ಕೇಟರ್ 1569ರಲ್ಲಿ ಉತ್ತರ-ದಕ್ಷಿಣವಾಗಿಯೂ ಅಷ್ಟೇ ಎಳೆದ. ಆಕಾರ ಉಳಿಯಿತು, ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಹಡಗಿನವರಿಗೆ ಇದು ವರದಾನ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋಗುವ ದಾರಿ ನಕ್ಷೆಯಲ್ಲಿ ನೇರ ಗೆರೆಯಾಗುತ್ತದೆ. ಲೆಕ್ಕ ಸುಲಭ: ಅಕ್ಷಾಂಶದ ಕೊಸೈನ್‌ನಿಂದ 1ನ್ನು ಭಾಗಿಸಿದರೆ ಉದ್ದದ ಹಿಗ್ಗು, ಅದರ ವರ್ಗ ವಿಸ್ತೀರ್ಣದ ಹಿಗ್ಗು.

ಈಗ ನಮ್ಮೂರಿಗೆ ಬರೋಣ. ಕರ್ನಾಟಕ 1,91,791 ಚದರ ಕಿ.ಮೀ., ಗುಜರಾತ್ ಸುಮಾರು 1,96,000. ವ್ಯತ್ಯಾಸ ಶೇಕಡಾ 2ರ ಆಸುಪಾಸು, ಹೆಚ್ಚುಕಡಿಮೆ ಅವಳಿಗಳು. ಕರ್ನಾಟಕದ ನಡುಭಾಗ 15 ಡಿಗ್ರಿಯ ಹತ್ತಿರ, ಅಲ್ಲಿ ಮರ್ಕೇಟರ್ ವಿಸ್ತೀರ್ಣವನ್ನು ಶೇಕಡಾ 7ರಷ್ಟು ಹಿಗ್ಗಿಸುತ್ತದೆ. ಗುಜರಾತಿನ ನಡುಭಾಗ 22.5 ಡಿಗ್ರಿಯ ಹತ್ತಿರ, ಅಲ್ಲಿ ಶೇಕಡಾ 17. ಪರಿಣಾಮ? ನಕ್ಷೆಯಲ್ಲಿ ಗುಜರಾತ್ ಕರ್ನಾಟಕಕ್ಕಿಂತ ಸುಮಾರು ಶೇಕಡಾ 12ರಷ್ಟು ದೊಡ್ಡದಾಗಿ ಕಾಣುತ್ತದೆ. 2 ಇದ್ದದ್ದು 12 ಆಯಿತು, ಯಾರ ಹೊಲವನ್ನೂ ಒತ್ತುವರಿ ಮಾಡದೆ!

ಪೊಟ್ಟಣದ ಪಾಳಿ ಈಗ. ಗೋಳದ ತಲೆಯ ಮೇಲೆ ಟೋಪಿಯಂತೆ ಇಟ್ಟ ಶಂಕು, ಸಮಭಾಜಕವನ್ನು ಬಿಟ್ಟು ನಮಗೆ ಬೇಕಾದ ಅಕ್ಷಾಂಶದಲ್ಲಿ ಮುಟ್ಟುತ್ತದೆ. ಸ್ವಲ್ಪ ಒಳಕ್ಕೆ ಒತ್ತಿದರೆ ಎರಡು ಅಕ್ಷಾಂಶಗಳಲ್ಲಿ ಗೋಳವನ್ನು ಕತ್ತರಿಸುತ್ತದೆ, ಎರಡೂ ಕಡೆ ಅಳತೆ ಸರಿಯಾಗುತ್ತದೆ. ಆಕಾರ ಉಳಿಸುವ ಶಂಕುನಕ್ಷೆಯನ್ನು ಲ್ಯಾಂಬರ್ಟ್ 1772ರಲ್ಲಿ ಪ್ರಕಟಿಸಿದ. ಭಾರತಕ್ಕೆಂದೇ ಹೊಂದಿಸಿದ ಇಂಥದ್ದೊಂದು QGISನಲ್ಲಿ EPSG:7755 ಎಂಬ ಹೆಸರಲ್ಲಿ ಸಿಗುತ್ತದೆ. ಅದು ಕತ್ತರಿಸುವುದು ಸುಮಾರು 12.5 ಮತ್ತು 35.2 ಡಿಗ್ರಿಗಳಲ್ಲಿ. ಎರಡರ ನಡುವೆ, 24 ಡಿಗ್ರಿಯಲ್ಲಿ, ಉದ್ದ ಶೇಕಡಾ 2ರಷ್ಟು ಕುಗ್ಗುತ್ತದೆ. ದಕ್ಷಿಣದ ತುದಿ ಕನ್ಯಾಕುಮಾರಿಯಲ್ಲಿ ಶೇಕಡಾ 2ಕ್ಕಿಂತ ಕಡಿಮೆ ಹಿಗ್ಗುತ್ತದೆ. ಮರ್ಕೇಟರಿನಲ್ಲಿ ಭಾರತದ ಉತ್ತರ ತುದಿ, ಅಂದರೆ 37 ಡಿಗ್ರಿಯಲ್ಲಿ, ಉದ್ದ ಶೇಕಡಾ 25ರಷ್ಟು ಹಿಗ್ಗಿರುತ್ತದೆ. ಹೋಲಿಸಿ ನೋಡಿ.

ಆದರೆ ಶಂಕುವಿಗೂ ಹುಳುಕಿದೆ, ಮುಚ್ಚಿಡುವುದು ಬೇಡ. ಗುಜರಾತ್ ಇರುವುದು ಈ ಕುಗ್ಗುವ ನಡುಪಟ್ಟಿಯಲ್ಲಿ. ಲೆಕ್ಕ ಹಾಕಿದರೆ ಲ್ಯಾಂಬರ್ಟ್ ನಕ್ಷೆಯಲ್ಲಿ ಅದು ಕರ್ನಾಟಕಕ್ಕೆ ಸಮವಾಗಿ, ಕೂದಲೆಳೆಯಷ್ಟು ಚಿಕ್ಕದಾಗಿಯೇ ಬರುತ್ತದೆ! ವಿಸ್ತೀರ್ಣವೇ ಮುಖ್ಯ ಅನ್ನುವವರಿಗೆ ಆಲ್ಬರ್ಸ್ 1805ರಲ್ಲಿ ಕೊಟ್ಟ ಇನ್ನೊಂದು ಶಂಕುನಕ್ಷೆಯಿದೆ. ಅದರಲ್ಲಿ ವಿಸ್ತೀರ್ಣ ಎಲ್ಲೆಡೆ ಸರಿ, ಬದಲಿಗೆ ಆಕಾರ ಕೆಡುತ್ತದೆ. ಎಷ್ಟು? ಅದೇ ಎರಡು ಅಕ್ಷಾಂಶಗಳನ್ನು ಹಿಡಿದರೆ, 24 ಡಿಗ್ರಿಯಲ್ಲಿ ಒಂದು ಚೌಕ ಅಗಲಕ್ಕಿಂತ ಶೇಕಡಾ 4ರಷ್ಟು ಎತ್ತರವಾಗಿ ಕಾಣುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಸಿಲಿಂಡರಿನಲ್ಲೂ ವಿಸ್ತೀರ್ಣ ಉಳಿಸಬಹುದಲ್ಲ ಅಂತ ನೀವು ಕೇಳಬಹುದು. ಉಳಿಸಬಹುದು. 1973ರಲ್ಲಿ ಪೀಟರ್ಸ್ ಗದ್ದಲ ಎಬ್ಬಿಸಿದ ನಕ್ಷೆ ಅದೇ ಜಾತಿಯದು. ಅದರ ಸಿಲಿಂಡರ್ ಗೋಳವನ್ನು ಕತ್ತರಿಸುವುದು ಎರಡೂ ಕಡೆ 45 ಡಿಗ್ರಿಯಲ್ಲಿ. ಹಾಗಾಗಿ ಆಕಾರ ಸರಿ ಕಾಣುವುದು ಯುರೋಪಿನ ಅಕ್ಷಾಂಶಗಳಲ್ಲಿ. 15 ಡಿಗ್ರಿಯಲ್ಲಿ ಒಂದು ಚೌಕ ಅಗಲದ 1.87 ಪಟ್ಟು ಎತ್ತರವಾಗುತ್ತದೆ. ಬಡ ದೇಶಗಳಿಗೆ ನ್ಯಾಯ ಕೊಡಿಸಲು ಹೊರಟ ನಕ್ಷೆ ಅವುಗಳನ್ನೇ ಒದ್ದೆ ಬಟ್ಟೆಯಂತೆ ಜೋತುಹಾಕಿದೆ.

ನಿಮ್ಮ ಮುಂದಿರುವ ನಕ್ಷೆ ಯಾವ ಜಾತಿಯದು ಅಂತ ಕಂಡುಹಿಡಿಯಲು ಗೆರೆಗಳನ್ನು ನೋಡಿ. ರೇಖಾಂಶಗಳೆಲ್ಲ ಸಮಾಂತರ ಕಂಬಗಳಂತೆ ನಿಂತಿದ್ದರೆ ಸಿಲಿಂಡರ್. ಮೇಲೆ ಹೋದಂತೆ ಅಕ್ಷಾಂಶಗಳ ನಡುವಿನ ಅಂತರ ಹೆಚ್ಚಿದರೆ ಮರ್ಕೇಟರ್, ಕಡಿಮೆಯಾದರೆ ವಿಸ್ತೀರ್ಣ ಉಳಿಸುವ ಬಗೆ. ರೇಖಾಂಶಗಳು ಬೀಸಣಿಗೆಯಂತೆ ಹರಡಿ, ಅಕ್ಷಾಂಶಗಳು ಬಿಲ್ಲಿನಂತೆ ಬಾಗಿದ್ದರೆ ಶಂಕು.

ಸಿಲಿಂಡರನ್ನು ಎಸೆದುಬಿಡಿ ಅಂತ ನಾನು ಹೇಳುತ್ತಿಲ್ಲ. ಮೊಬೈಲಿನಲ್ಲಿ ಜಯನಗರದ ಗಲ್ಲಿ ಹುಡುಕುವಾಗ ಮರ್ಕೇಟರೇ ಅನುಕೂಲ, ಉತ್ತರ ಯಾವಾಗಲೂ ಮೇಲೆ, ತಿರುವುಗಳ ಕೋನ ಸರಿ. ಭಾರತದ ಶಂಕುವನ್ನು ಇಡೀ ಪ್ರಪಂಚಕ್ಕೆ ತೊಡಿಸಿದರೂ ಎಡವಟ್ಟೇ, ದಕ್ಷಿಣಕ್ಕೆ ಹೋದಂತೆ ಪೊಟ್ಟಣದ ಬಾಯಿ ಅಗಲವಾಗಿ 30 ಡಿಗ್ರಿ ದಕ್ಷಿಣದಲ್ಲಿ ವಿಸ್ತೀರ್ಣ ಸುಮಾರು 2.4 ಪಟ್ಟಾಗುತ್ತದೆ. ಆದರೆ ಮಳೆ, ಕಾಡು, ಬೆಳೆ, ಮತ ಅಂತ ರಾಜ್ಯಗಳಿಗೆ ಬಣ್ಣ ಬಳಿದು ಹೋಲಿಸುವ ನಕ್ಷೆಯಲ್ಲಿ ಕಣ್ಣು ಅಳೆಯುವುದು ಬಣ್ಣದ ಹರವನ್ನೇ. ಅಲ್ಲಿ ಮರ್ಕೇಟರ್ ಬಳಸಿದರೆ ಉತ್ತರದವರಿಗೆ ಪುಕ್ಕಟೆ ಜಾಗ ಕೊಟ್ಟಂತೆ. ಅಂಥ ನಕ್ಷೆಗೆ ಆಲ್ಬರ್ಸ್ ಶಂಕುವೇ ಇರಲಿ ಅನ್ನುವುದು ನನ್ನ ವಾದ, ಬದಲಾಯಿಸಲು ಸಾಫ್ಟ್‌ವೇರಿನಲ್ಲಿ ಒಂದು ಸಾಲು ಸಾಕು. ನೀವೇನಂತೀರಿ?